ಲೈಕ್ ಎಷ್ಟು ಬಂತು ಬಿಡಿ, ಪಲಂಗ ಎಷ್ಟು ಹೋತು? ಫರ್ನಿಚರ್ ವರ್ಕ್‌ಶಾಪಿಗೆ ಕೂಪನ್ ಕೋಡ್ ಮತ್ತು ಗುರುತಿನ ಲಿಂಕ್

"ಫೋಟೊಕ್ಕ ಮುನ್ನೂರು ಲೈಕ್ ಬಂದಾವ್ರಿ. ಆದ್ರ ಅದನ್ನ ನೋಡಿ ಒಬ್ಬರರೆ ಅಂಗಡಿಗೆ ಬಂದಾರೇನು, ಗೊತ್ತೇ ಆಗವಲ್ದು." ಬೀದರಿನಿಂದ, ಯಾದಗಿರಿಯಿಂದ, ನಮ್ಮ ಕಲಬುರಗಿಯಿಂದಲೇ ಬಡಿಗರು, ಫರ್ನಿಚರ್ ಅಂಗಡಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಮ್ಮದೂ ಆಳಂದ ರಸ್ತೆ ಕಡೆಯ ಒಂದು ಸಣ್ಣ ವರ್ಕ್‌ಶಾಪ್. ಮರದ ಕೆಲಸ ಅಣ್ಣನದು, ಫೋನು ಮತ್ತು ಲೆಕ್ಕ ನನ್ನದು. ನಾವು ಈಗ ಬಳಸುವ ಪದ್ಧತಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಆನ್‌ಲೈನ್ ಅಂಗಡಿಗೆ ಈ ತಲೆನೋವು ಅಷ್ಟಿಲ್ಲ. ಅಲ್ಲಿ ನೋಡಿದವರೇ ಅಲ್ಲೇ ಒತ್ತಿ, ಅಲ್ಲೇ ದುಡ್ಡು ಕಟ್ಟುತ್ತಾರೆ. ನಮ್ಮ ವ್ಯಾಪಾರ ಹಾಗಲ್ಲ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುವ ಮಗ ಫೇಸ್‌ಬುಕ್‌ನಲ್ಲಿ ಪಲಂಗ ನೋಡುತ್ತಾನೆ. ಮನೆಯ ಗುಂಪಿಗೆ ಫೋಟೊ ಕಳಿಸುತ್ತಾನೆ. ಹತ್ತು ದಿನ ಬಿಟ್ಟು ತಾಯಿ ಬಂದು ಮರ ಮುಟ್ಟಿ ನೋಡುತ್ತಾರೆ. ಇನ್ನೊಂದು ತಿಂಗಳಿಗೆ ತಂದೆ ಬಂದು ನಗದು ಮುಂಗಡ ಕೊಡುತ್ತಾರೆ. ನೋಡಿದವರು ಒಬ್ಬರು, ಕೇಳಿದವರು ಇನ್ನೊಬ್ಬರು, ದುಡ್ಡು ಕೊಟ್ಟವರು ಮತ್ತೊಬ್ಬರು. ಈ ಮೂವರನ್ನು ಒಂದೇ ದಾರದಲ್ಲಿ ಪೋಣಿಸುವುದೇ ನಮ್ಮ ಕೆಲಸ. ಆ ದಾರ ಎಂದರೆ ಕೋಡ್.

ಎರಡು ಮಾತು ಮೊದಲೇ ತಿಳಿದಿರಲಿ. ಕೂಪನ್ ಕೋಡ್ ಎಂದರೆ ಗಿರಾಕಿ ಹೇಳಿದರೆ ಏನೋ ಒಂದು ಸಣ್ಣ ಲಾಭ ಸಿಗುವ ಗುಟ್ಟಿನ ಪದ. ಗುರುತಿನ ಲಿಂಕ್ ಎಂದರೆ ಎಲ್ಲಿಂದ ಒತ್ತಿದರು ಎಂಬ ಚೀಟಿಯನ್ನು ತನ್ನ ಬಾಲಕ್ಕೆ ಕಟ್ಟಿಕೊಂಡು ಬರುವ ಲಿಂಕ್. ಲಿಂಕ್ ಒತ್ತಿದವರನ್ನು ಲಿಂಕ್ ಹಿಡಿಯುತ್ತದೆ. ಒತ್ತದೆ ನೇರ ಅಂಗಡಿಗೆ ಬಂದವರನ್ನು ಕೋಡ್ ಹಿಡಿಯುತ್ತದೆ. ಹಾಗಾಗಿ ಎರಡೂ ಬೇಕು, ಮತ್ತು ಎರಡರಲ್ಲೂ ಒಂದೇ ಪದ ಇರಬೇಕು.

## ಏನೇನು ಬೇಕು

ವಾಟ್ಸಪ್ ಬಿಸಿನೆಸ್ ಆ್ಯಪ್ ಇರುವ ಒಂದು ಫೋನು. ಒಂದು ಗೂಗಲ್ ಶೀಟ್, ಇಲ್ಲವಾದರೆ ಗೆರೆ ಎಳೆದ ಉದ್ದ ಪುಸ್ತಕ. ಬಿಲ್ ಪುಸ್ತಕ ಹೇಗೂ ಇರುತ್ತದೆ. ವೆಬ್‌ಸೈಟ್ ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್ ಯಾವುದೂ ಬೇಡ.

## ಹಂತ 1: ಕೋಡಿಗೆ ಹೆಸರಿಡಿ

ಎಲ್ಲರೂ ಮೊದಲು ಇಡುವುದು SALE10, DIWALI20 ಅಂಥ ಹೆಸರು. ಬೇಡ. ಒಂದು, ಯಾರು ಬೇಕಾದರೂ ಊಹಿಸಿ ಹೇಳಬಹುದು. ಎರಡು, ಹೆಸರಿನಲ್ಲೇ 20 ಇದ್ದರೆ ಗಿರಾಕಿ ನೂರಕ್ಕೆ ಇಪ್ಪತ್ತು ಬಿಡಿ ಎಂದು ಕೂತುಬಿಡುತ್ತಾರೆ. FB11, IG11 ಅಂಥದ್ದೂ ಬೇಡ. ಗರಗಸದ ಸದ್ದಿನ ನಡುವೆ ಫೋನಿನಲ್ಲಿ "ಎಫ್" ಎಂದದ್ದು "ಎಸ್" ಎಂದು ಕೇಳಿಸುತ್ತದೆ. ಸೊನ್ನೆ ಯಾವುದು, ಓ ಯಾವುದು ಎಂಬ ಗೊಂದಲ ಬೇರೆ.

ನಮ್ಮ ಭಾಗದ ಗಿರಾಕಿಗಳು ಕನ್ನಡ, ದಖನಿ, ಹಿಂದಿ, ಮರಾಠಿ, ತೆಲುಗು ಎಲ್ಲ ಮಾತಾಡುವವರು. "ನವಿಲು" ಎಂದಿಟ್ಟರೆ ಒಬ್ಬರು "ಮೋರ್" ಎನ್ನುತ್ತಾರೆ, ಪುಸ್ತಕದಲ್ಲಿ ಎರಡು ಕೋಡ್ ಆಗುತ್ತದೆ. ಅದಕ್ಕೇ ಯಾವ ಭಾಷೆಯವರ ಬಾಯಲ್ಲೂ ಹೆಚ್ಚುಕಡಿಮೆ ಹಾಗೇ ಉಳಿಯುವ ಪದ ಆರಿಸಿ: MOTI, RANI, GULAB, CHANDAN, TARA. ಬಾಯಲ್ಲಿ ಹೇಳಲು ಸುಲಭ, ನೆನಪಿನಲ್ಲೂ ಉಳಿಯುತ್ತದೆ. ಪದಕ್ಕೂ ಸಾಮಾನಿಗೂ ಸಂಬಂಧ ಇರಬೇಕಿಲ್ಲ. MOTI ಎಂದರೆ ಏನು ಎಂಬುದು ನಿಮ್ಮ ಪುಸ್ತಕದ ಮೊದಲ ಪುಟದಲ್ಲಿದ್ದರೆ ಸಾಕು:

```
MOTI   ಫೇಸ್‌ಬುಕ್     ಸಾಗವಾನಿ ಪಲಂಗ   ನವೆಂಬರ್ 1
RANI   ಇನ್‌ಸ್ಟಾಗ್ರಾಂ   ಸಾಗವಾನಿ ಪಲಂಗ   ನವೆಂಬರ್ 1
GULAB  ವಾಟ್ಸಪ್ ಸ್ಟೇಟಸ್  ಸಾಗವಾನಿ ಪಲಂಗ   ನವೆಂಬರ್ 1
```

ಸಾಮಾನು ಒಂದೇ, ಫೋಟೊ ಒಂದೇ, ಹಾಕಿದ ಜಾಗ ಮೂರು, ಕೋಡೂ ಮೂರು. ಮೊದಲ ಸಲ ಇಷ್ಟೇ ಸಾಕು. ಪ್ರತಿ ಫೋಟೊಗೂ ಒಂದೊಂದು ಕೋಡ್ ಇಟ್ಟರೆ ತಿಂಗಳ ಕೊನೆಗೆ ಹದಿನೈದು ಕೋಡ್, ಒಂದೊಂದಕ್ಕೂ ಅರ್ಧ ಆರ್ಡರ್ ಬಂದಂತಾಗುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ಕೋಡನ್ನು ಫೋಟೊದ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಕೆಳಗಿನ ಬರಹದಲ್ಲಿ ಮಾತ್ರ ಹಾಕಿದರೆ, ಫೋಟೊ ಮನೆಯ ಗುಂಪಿಗೆ ಹೋಗುವಾಗ ಬರಹ ಅಲ್ಲೇ ಉಳಿದುಬಿಡುತ್ತದೆ. ನಮ್ಮ ಗಿರಾಕಿಗಳಲ್ಲಿ ಬಹಳಷ್ಟು ಜನ ನೋಡುವುದು ಆ ಫಾರ್ವರ್ಡ್ ಆದ ಫೋಟೊವನ್ನೇ.

## ಹಂತ 2: ಕೋಡ್ ಹೇಳಿದರೆ ಏನು ಕೊಡುತ್ತೀರಿ?

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಹೆಚ್ಚು ಜನ ಎಡವುವುದು ಇಲ್ಲೇ.

ಫರ್ನಿಚರ್ ಚೌಕಾಶಿಯ ವ್ಯಾಪಾರ. 34,000 ಎಂದ ಪಲಂಗವನ್ನು ಗಿರಾಕಿ 31,000ಕ್ಕೆ ಇಳಿಸಿ, ಎಲ್ಲ ಮುಗಿದ ಮೇಲೆ ಜೇಬಿನಿಂದ ಫೋನ್ ತೆಗೆದು "ಇದರಾಗ ನೂರಕ್ಕ ಐದು ಕಡಿಮಿ ಅಂತ ಅದ ನೋಡ್ರಿ" ಎನ್ನುತ್ತಾರೆ. ಬೆಲೆ ಎರಡು ಸಲ ಇಳಿಯಿತು. ಇಲ್ಲ ಎಂದರೆ ಮುಖ ಕೆಡುತ್ತದೆ. ಅದಕ್ಕೇ ಕೋಡಿನ ಲಾಭ ದುಡ್ಡಿನ ರೂಪದಲ್ಲಿ ಬೇಡ. ಊರೊಳಗೆ ಉಚಿತ ಸಾಗಣೆ ಕೊಡಬಹುದು. ಎರಡು ದಿಂಬು ಕೊಡಬಹುದು. ಆರು ತಿಂಗಳ ನಂತರ ಒಂದು ಸಲ ಉಚಿತ ಪಾಲಿಶ್ ಮಾಡಿಕೊಡಬಹುದು. ಇವು ಚೌಕಾಶಿಯ ಜೊತೆ ಬೆರೆಯುವುದಿಲ್ಲ. ನಿಮಗೆ ಎಷ್ಟು ಖರ್ಚು ಎಂಬುದೂ ಮೊದಲೇ ಗೊತ್ತಿರುತ್ತದೆ.

ದುಡ್ಡಿನ ರಿಯಾಯಿತಿಯೇ ಕೊಡುವುದಾದರೆ ಅದನ್ನು ಬಿಲ್‌ನಲ್ಲೇ ಬೇರೆ ಸಾಲಾಗಿ ಬರೆಯಿರಿ. ಬಿಲ್‌ನಲ್ಲಿ ತೋರಿಸಿದ ರಿಯಾಯಿತಿ ಕಳೆದು ಉಳಿದ ಬೆಲೆಯ ಮೇಲೆ ಜಿಎಸ್‌ಟಿ ಬರುತ್ತದೆ. ಬಾಯಿಮಾತಿನಲ್ಲಿ ಬಿಟ್ಟು, ಬಿಲ್‌ನಲ್ಲಿ ಪೂರಾ ಬೆಲೆ ಬರೆದರೆ ಬಾರದ ದುಡ್ಡಿಗೂ ತೆರಿಗೆ ಕಟ್ಟಿದಂತೆ.

ಎಚ್ಚರ: ಎಲ್ಲ ಕೋಡಿಗೂ ಲಾಭ ಒಂದೇ ಇರಲಿ. ನಾವು ಮೊದಲ ವರ್ಷ ಇನ್‌ಸ್ಟಾಗ್ರಾಂ ಕೋಡಿಗೆ ಜಾಸ್ತಿ, ಫೇಸ್‌ಬುಕ್ ಕೋಡಿಗೆ ಕಡಿಮೆ ಇಟ್ಟಿದ್ದೆವು. ಜನ ಎರಡನ್ನೂ ನೋಡಿ, ದೊಡ್ಡದನ್ನೇ ಹೇಳತೊಡಗಿದರು. ಇನ್‌ಸ್ಟಾಗ್ರಾಂ ಬಹಳ ಕೆಲಸ ಮಾಡುತ್ತಿದೆ ಎಂದು ನಾವು ಹಿಗ್ಗಿದ್ದೆವು. ಅದು ಮಾಡುತ್ತಿದ್ದ ಕೆಲಸ ಏನೂ ಇರಲಿಲ್ಲ.

## ಹಂತ 3: ವಾಟ್ಸಪ್ ಲಿಂಕ್ ಕಟ್ಟಿ

ವಾಟ್ಸಪ್ಪಿಗೆ ನೇರ ಕರೆದೊಯ್ಯುವ ಲಿಂಕ್ ಎಲ್ಲರಿಗೂ ಗೊತ್ತು. ಅದರ ಕೊನೆಗೆ ಮೊದಲೇ ಬರೆದಿಟ್ಟ ಮಾತು ಸೇರಿಸಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ:

```
https://wa.me/91XXXXXXXXXX?text=MOTI%20palang%20rate%20tilisi
```

ಇದನ್ನು ಒತ್ತಿದರೆ ನಿಮ್ಮ ಚಾಟ್ ತೆರೆದು, "MOTI palang rate tilisi" ಎಂಬ ಮಾತು ಆಗಲೇ ಟೈಪ್ ಆಗಿ ಕೂತಿರುತ್ತದೆ. ಗಿರಾಕಿ ಕಳಿಸುವ ಬಟನ್ ಒತ್ತಿದರೆ ಸಾಕು, ಕೋಡ್ ನಿಮಗೆ ಬಂತು.

ಕಟ್ಟುವಾಗ ನೋಡಿಕೊಳ್ಳಬೇಕಾದ್ದು: ನಂಬರಿನ ಮುಂದೆ 91 ಇರಬೇಕು, ಆದರೆ `+` ಗುರುತು, ಮೊದಲ ಸೊನ್ನೆ, ನಡುವೆ ಜಾಗ ಯಾವುದೂ ಇರಬಾರದು. ಪದಗಳ ನಡುವಿನ ಜಾಗದ ಬದಲು `%20` ಹಾಕಬೇಕು. ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಕನ್ನಡ ಅಕ್ಷರ ನೇರವಾಗಿ ಹಾಕಿದರೆ ಕೆಲವು ಕಡೆ ಲಿಂಕ್ ಅರ್ಧಕ್ಕೇ ತುಂಡಾಗುತ್ತದೆ, ಕೋಡ್ ಬರುವುದಿಲ್ಲ. ಕೋಡ್ ಮಾತಿನ ಮೊದಲಲ್ಲೇ ಇರಲಿ. ಹಾಗಿದ್ದರೆ ಲಿಂಕ್ ತುಂಡಾದರೂ ಅದು ಉಳಿಯುತ್ತದೆ.

ಮೂರು ಜಾಗಕ್ಕೆ ಮೂರು ಲಿಂಕ್ ಮಾಡಿ. ಹಾಕುವ ಮೊದಲು ಬೇರೆಯವರ ಫೋನಿನಿಂದ ಒತ್ತಿ ನೋಡಿ.

ಈ ಮೂರು ಜಾಗದ ಸ್ವಭಾವ ಒಂದೇ ಅಲ್ಲ. ಫೇಸ್‌ಬುಕ್ ಪೋಸ್ಟಿನಲ್ಲಿ ಲಿಂಕ್ ಒತ್ತಬಹುದು. ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗಿನ ಬರಹದಲ್ಲಿ ಲಿಂಕ್ ಒತ್ತಲು ಬರುವುದೇ ಇಲ್ಲ. ಅಲ್ಲಿ ಬಯೋದಲ್ಲಿ ಒಂದು ಲಿಂಕ್ ಇಡಬೇಕು, ಇಲ್ಲವೇ ಸ್ಟೋರಿಗೆ ಲಿಂಕ್ ಸ್ಟಿಕರ್ ಅಂಟಿಸಬೇಕು. ವಾಟ್ಸಪ್ ಸ್ಟೇಟಸ್ ಕಾಣುವುದು ನಿಮ್ಮ ನಂಬರ್ ಅವರ ಫೋನಿನಲ್ಲಿ, ಅವರ ನಂಬರ್ ನಿಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ. ಅಂದರೆ ಅದನ್ನು ನೋಡುವವರು ಬಹುತೇಕ ಹಳೆಯ ಗಿರಾಕಿಗಳು, ಪರಿಚಯದವರು. ಈ ಮಾತು ಮುಂದೆ ಲೆಕ್ಕಕ್ಕೆ ಬರುತ್ತದೆ.

ಎಚ್ಚರ: ಕೆಲವರು ಸಿದ್ಧ ಮಾತನ್ನು ಅಳಿಸಿ "ಹಾಯ್" ಎಂದು ಕಳಿಸುತ್ತಾರೆ. ಹಾಗೆ ಬಂದರೆ ಮೊದಲ ಉತ್ತರದಲ್ಲೇ ಕೇಳಿಬಿಡಿ: "ನಮಸ್ಕಾರ್ರಿ. ಯಾವ ಫೋಟೊ ನೋಡಿ ಮೆಸೇಜ್ ಮಾಡೀರಿ? ಅದನ್ನೇ ಇಲ್ಲಿ ಕಳಿಸ್ರಿ." ಫೋಟೊ ಬಂತು ಎಂದರೆ ಕೋಡೂ ಬಂತು.

ಚಾಟ್ ಬಂದ ಕೂಡಲೇ ವಾಟ್ಸಪ್ ಬಿಸಿನೆಸ್‌ನಲ್ಲಿ ಅದಕ್ಕೆ ಲೇಬಲ್ ಹಚ್ಚಿ. ಲೇಬಲ್ ಎಂದರೆ ಚಾಟಿಗೆ ಅಂಟಿಸುವ ಬಣ್ಣದ ಚೀಟಿ. ಕೋಡಿನ ಹೆಸರೇ ಲೇಬಲ್ ಆಗಲಿ. ತಿಂಗಳ ಕೊನೆಗೆ MOTI ಲೇಬಲ್ ತೆರೆದರೆ ಆ ಕೋಡಿನಿಂದ ಬಂದ ಚಾಟ್‌ಗಳೆಲ್ಲ ಒಂದೇ ಕಡೆ ಸಿಗುತ್ತವೆ.

## ಹಂತ 4: ವೆಬ್‌ಸೈಟ್ ಇದ್ದವರಿಗೆ ಮಾತ್ರ

ಇಲ್ಲದವರು ಮುಂದಿನ ಹಂತಕ್ಕೆ ಹೋಗಿ.

ಸ್ವಂತ ಪುಟಕ್ಕೆ ಜನರನ್ನು ಕಳಿಸುವಾಗ ಲಿಂಕಿನ ಕೊನೆಗೆ ಯುಟಿಎಂ ಎಂಬ ಚೀಟಿ ಕಟ್ಟುತ್ತಾರೆ. ಗೂಗಲ್ ಅನಾಲಿಟಿಕ್ಸ್ ಆ ಚೀಟಿಯನ್ನು ಓದಿ, ಎಲ್ಲಿಂದ ಎಷ್ಟು ಜನ ಬಂದರು ಎಂದು ತೋರಿಸುತ್ತದೆ.

```
https://example.com/palang?utm_source=facebook&utm_medium=social&utm_campaign=moti
```

`utm_source` ಎಂದರೆ ಯಾವ ಜಾಗ, `utm_medium` ಎಂದರೆ ಯಾವ ಬಗೆ, `utm_campaign` ಎಂದರೆ ನಮ್ಮ ಕೋಡ್. ಎಲ್ಲವನ್ನೂ ಸಣ್ಣ ಅಕ್ಷರದಲ್ಲೇ ಬರೆಯಿರಿ. `Facebook` ಮತ್ತು `facebook` ಅನಾಲಿಟಿಕ್ಸ್ ಪಾಲಿಗೆ ಎರಡು ಬೇರೆ ಊರು.

ಈ ಚೀಟಿ ಪುಟದವರೆಗೆ ಮಾತ್ರ ಬರುತ್ತದೆ. ಪುಟದಲ್ಲಿನ ವಾಟ್ಸಪ್ ಬಟನ್ ಒತ್ತಿದ ಕೂಡಲೇ ಕಳಚಿ ಬೀಳುತ್ತದೆ. ಅಂಗಡಿಗೆ ಬರುವ ಮೆಸೇಜಿನಲ್ಲಿ ಕೋಡ್ ಇರುವುದೇ ಇಲ್ಲ. `wa.me` ಲಿಂಕಿಗೇ ಯುಟಿಎಂ ಕಟ್ಟುವವರಿದ್ದಾರೆ. ಅದು ಸುಮ್ನೆ. ವಾಟ್ಸಪ್ ಅದನ್ನು ನಿಮಗೆ ತೋರಿಸುವುದಿಲ್ಲ. ದಾರಿ ಇದು: ಪುಟವೇ ಚೀಟಿ ಓದಿ ಮೆಸೇಜಿಗೆ ಕೋಡ್ ಸೇರಿಸುವಂತೆ ಮಾಡಬೇಕು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನಿಗೆ ಇದನ್ನು ಕಳಿಸಿ, ವಾಟ್ಸಪ್ ಬಟನ್ನಿನ ಕೆಳಗೆ ಹಾಕಲು ಹೇಳಿ. ಬಟನ್ `a` ಟ್ಯಾಗಿನ ಲಿಂಕ್ ಆಗಿರಬೇಕು, ಅದರ `id` `wa` ಎಂದಿರಬೇಕು.

```
<script>
const c = new URLSearchParams(location.search).get("utm_campaign") || "web";
document.getElementById("wa").href =
  "https://wa.me/91XXXXXXXXXX?text=" +
  encodeURIComponent(c.toUpperCase() + " palang rate tilisi");
</script>
```

ಗಿರಾಕಿ ಬೇರೆ ಪುಟಕ್ಕೆ ಹೋಗಿ ಅಲ್ಲಿಂದ ಒತ್ತಿದರೆ ಇದು WEB ಎಂದೇ ಕಳಿಸುತ್ತದೆ. ಹಾಗಾಗಿ ಪೋಸ್ಟಿನ ಲಿಂಕ್ ಆ ಸಾಮಾನಿನ ಪುಟಕ್ಕೇ ಹೋಗಲಿ, ಬಟನ್ನೂ ಅಲ್ಲೇ ಇರಲಿ. ನಿಮ್ಮ ಸೈಟಿನೊಳಗೆ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಲಿಂಕುಗಳಿಗೆ ಯುಟಿಎಂ ಕಟ್ಟಬೇಡಿ. ಹೊರಗಿನಿಂದ ಬಂದ ಗುರುತಿನ ಲೆಕ್ಕ ಕೆಡುತ್ತದೆ.

ನನ್ನನ್ನು ಕೇಳಿದರೆ, ಸಣ್ಣ ವರ್ಕ್‌ಶಾಪಿಗೆ ಪೋಸ್ಟಿನಿಂದ ನೇರ ವಾಟ್ಸಪ್ಪಿಗೆ ಹೋಗುವ ಲಿಂಕೇ ಮೇಲು. ನಡುವೆ ಪುಟ ಬಂದಷ್ಟೂ ಜನ ಜಾರುತ್ತಾರೆ.

## ಹಂತ 5: ವಿಚಾರಣೆ ಪುಸ್ತಕ

ಬಹಳ ಅಂಗಡಿಗಳಲ್ಲಿ ಇರುವುದು ಆರ್ಡರ್ ಪುಸ್ತಕ. ಮುಂಗಡ ಬಂದ ಮೇಲೆ ಬರೆಯುವಂಥದ್ದು. ನಮಗೆ ಬೇಕಿರುವುದು ಅದಕ್ಕಿಂತ ಮೊದಲಿನದು. ಗಿರಾಕಿ ಮೊದಲ ಸಲ ಕೇಳಿದ ದಿನವೇ ಒಂದು ಸಾಲು ಬೀಳಬೇಕು. ಮೆಸೇಜ್ ಇರಲಿ, ಫೋನ್ ಇರಲಿ, ಬಾಗಿಲಿಗೆ ಬಂದದ್ದಿರಲಿ.

ಶೀಟಿನ ಕಾಲಂಗಳು ಹೀಗಿರಲಿ: A ಕೇಳಿದ ದಿನ, B ಹೆಸರು, C ಫೋನ್, D ಕೋಡ್, E ಎಲ್ಲಿ ನೋಡಿದರು, F ಸಾಮಾನು, G ಆರ್ಡರ್ ಮೊತ್ತ, H ಮುಂಗಡದ ದಿನ, I ಬಿಲ್ ನಂಬರ್. D ಕಾಲಂಗೆ ಡ್ರಾಪ್‌ಡೌನ್ ಹಾಕಿ, ಪಟ್ಟಿಯಿಂದ ಆರಿಸುವಂತೆ ಮಾಡಿ. ಕೈಯಿಂದ ಟೈಪ್ ಮಾಡಿದರೆ ಒಮ್ಮೆ MOTI, ಒಮ್ಮೆ MOTHI, ಒಮ್ಮೆ ಹಿಂದೆ ಒಂದು ಜಾಗ ಬಿಟ್ಟ MOTI. ಕಣ್ಣಿಗೆ ಒಂದೇ ಕಂಡರೂ ಶೀಟಿಗೆ ಮೂರೂ ಬೇರೆ.

E ಕಾಲಂ ಯಾಕೆ? ಕೋಡ್ ಮರೆತು ಬಂದವರಿಗಾಗಿ. ಅವರು ಹೇಳಿದ ಮಾತನ್ನು ಅವರು ಹೇಳಿದಂತೆಯೇ ಬರೆಯಿರಿ. "ನಮ್ಮ ಹುಡ್ಗ ಫೋನಿನಾಗ ತೋರ್ಸಿದ", "ಅಳಿಯಂದಿರ ಮನಿಯಾಗ ನೋಡಿದ್ವಿ", "ಹಿಂಗ ಹೊಂಟಿದ್ವಿ, ಬೋರ್ಡ್ ಕಾಣ್ತು". ಮೊದಲನೆಯದು ಪೋಸ್ಟಿನ ಗಿರಾಕಿ, ಕೋಡ್ ಇಲ್ಲದಿದ್ದರೂ. ಉಳಿದ ಎರಡು ಅಲ್ಲ.

ಈ ಪ್ರಶ್ನೆ ಯಾವಾಗ ಕೇಳುತ್ತೀರಿ ಎಂಬುದು ಬಹಳ ಮುಖ್ಯ. ಕುರ್ಚಿ ಕೊಟ್ಟು, ನೀರು ಕೊಟ್ಟು, ಬೆಲೆ ಹೇಳುವ ಮೊದಲು ಕೇಳಿ: "ಯಾವ ಫೋಟೊ ನೋಡಿ ಬಂದೀರಿ ಕಾಕಾ?" ಆಗ ನಿಜ ಹೇಳುತ್ತಾರೆ. ಬಿಲ್ ಬರೆಯುವಾಗ "ಕೋಡ್ ಏನರೆ ಅದ ಏನ್ರಿ?" ಎಂದು ಕೇಳಿದರೆ ಎಲ್ಲರ ಹತ್ತಿರವೂ ಕೋಡ್ ಇರುತ್ತದೆ. ಇಲ್ಲದಿದ್ದರೆ ಪಕ್ಕದಲ್ಲಿ ನಿಂತ ನಮ್ಮ ಹುಡುಗನೇ ಹೇಳಿಕೊಡುತ್ತಾನೆ. ಕೆಟ್ಟ ಬುದ್ಧಿಯಿಂದಲ್ಲ, ಗಿರಾಕಿ ಖುಷಿಯಾಗಲಿ ಎಂದು.

ಮುಂಗಡ ಬಂದ ದಿನ ಹಳೆಯ ಸಾಲನ್ನು ಹುಡುಕಿ, ಅದರಲ್ಲೇ G, H, I ತುಂಬಿ. ಹೊಸ ಸಾಲು ಬರೆಯಬೇಡಿ. ಹುಡುಕುವುದು ಫೋನ್ ನಂಬರಿನಿಂದ. ತೊಡಕು ಏನೆಂದರೆ, ಮೆಸೇಜ್ ಮಾಡಿದ ನಂಬರ್ ಮಗನದು, ಮುಂಗಡ ಕೊಟ್ಟವರು ತಂದೆ. ಅದಕ್ಕೆ ಮುಂಗಡದ ರಸೀದಿ ಬರೆಯುವಾಗ ಇನ್ನೊಂದು ಪ್ರಶ್ನೆ: "ಮನ್ಯಾಗ ಯಾರರೆ ನಮಗ ವಾಟ್ಸಪ್ ಮಾಡಿದ್ರೇನ್ರಿ? ಯಾವ ನಂಬರ್?" ಒಂದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಚಾಟ್ ಒಂದು ಕಡೆ, ದುಡ್ಡು ಒಂದು ಕಡೆ ಉಳಿಯುತ್ತದೆ.

ಮೊತ್ತ ನೋಡಲು ಎರಡು ಸೂತ್ರ ಸಾಕು. ಮೊದಲನೆಯದು ಕೋಡಿನಿಂದ ಬಂದ ಆರ್ಡರ್ ಎಷ್ಟು ಎಂದು, ಎರಡನೆಯದು ದುಡ್ಡು ಎಷ್ಟು ಎಂದು ಹೇಳುತ್ತದೆ:

```
=COUNTIFS(D:D,"MOTI",G:G,">0")
=SUMIFS(G:G,D:D,"MOTI")
```

ಆರ್ಡರ್ ರದ್ದಾದರೆ G ಖಾಲಿ ಮಾಡಿ. ಸಾಲು ಅಳಿಸಬೇಡಿ.

## ಹಂತ 6: ಯಾವಾಗ ಎಣಿಸಬೇಕು

ಮೊಬೈಲ್ ಜಾಹೀರಾತಿನ ಲೆಕ್ಕವೆಲ್ಲ ವಾರದ್ದು. ನಮ್ಮ ಗಿರಾಕಿಯ ಲೆಕ್ಕ ರಾಶಿಯದು. ಕಲಬುರಗಿ ಸುತ್ತ ಮುತ್ತ ತೊಗರಿ ಕೊಯ್ಲಾಗಿ ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ದುಡ್ಡು ಕೈಗೆ ಬರುವುದು ಮಾಲು ಮಾರಿದ ಮೇಲೆ. ದೀಪಾವಳಿಗೆ ಪಲಂಗ ನೋಡಿ ಮೆಚ್ಚಿದ ರೈತ ಮುಂಗಡ ಕೊಡುವುದು ಜನವರಿ ಕೊನೆಗೆ, ಇಲ್ಲವೇ ಫೆಬ್ರವರಿಗೆ. ಮಗಳ ಮದುವೆಗಾದರೆ ಇನ್ನೂ ಮುಂದೆ ಹೋಗಬಹುದು.

ಹಾಗಾಗಿ ಕೋಡಿಗೆ "ಹತ್ತು ದಿನ ಮಾತ್ರ" ಎಂದು ಗಡುವು ಹಾಕಬೇಡಿ. ಪೋಸ್ಟ್ ಹಾಕಿದ ದಿನದಿಂದ ನಾಲ್ಕು ತಿಂಗಳು ಇಡಿ. ಲೆಕ್ಕ ಬರೆಯುವಾಗ ಆರ್ಡರ್ ಬಂದ ತಿಂಗಳಿಗೆ ಹಾಕಬೇಡಿ, ಪೋಸ್ಟ್ ಹಾಕಿದ ತಿಂಗಳಿಗೆ ಹಾಕಿ. ಫೆಬ್ರವರಿಯಲ್ಲಿ MOTI ಹೇಳಿ ಬಂದ ಆರ್ಡರ್ ನವೆಂಬರಿನ ಪೋಸ್ಟಿನ ದುಡಿಮೆ.

## ಒಂದು ಲೆಕ್ಕ ಮಾಡಿ ನೋಡೋಣ

ಇದು ತಿಳಿಯಲಿ ಎಂದು ಇಟ್ಟುಕೊಂಡ ಅಂಕಿ. ನವೆಂಬರ್ 1ರಂದು ಮೇಲಿನ ಮೂರು ಕೋಡಿನಲ್ಲಿ ಪಲಂಗದ ಫೋಟೊ ಹಾಕಿದಿರಿ. ಫೇಸ್‌ಬುಕ್‌ನಲ್ಲಿ ಮಾತ್ರ ₹1,500 ಕೊಟ್ಟು ಹೆಚ್ಚು ಜನರಿಗೆ ತೋರಿಸಿದಿರಿ. ಕೋಡ್ ಹೇಳಿದವರಿಗೆ ಉಚಿತ ಸಾಗಣೆ, ನಿಮಗೆ ಒಂದಕ್ಕೆ ₹700 ಖರ್ಚು. ಫೆಬ್ರವರಿ ಕೊನೆಗೆ ಪುಸ್ತಕ ಹೀಗಿದೆ:

| ಕೋಡ್ | ಮೆಸೇಜ್ | ಆರ್ಡರ್ | ಮೊತ್ತ |
|---|---|---|---|
| MOTI | 38 | 4 | ₹1,12,000 |
| RANI | 52 | 1 | ₹14,000 |
| GULAB | 9 | 4 | ₹1,21,000 |
| ಕೋಡ್ ಇಲ್ಲ, "ಫೋನಿನಾಗ ನೋಡಿದ್ವಿ" | – | 3 | ₹66,000 |

ಮೊದಲು MOTI. ಜಾಹೀರಾತು 1,500, ನಾಲ್ಕು ಸಾಗಣೆಗೆ 2,800. ಒಟ್ಟು ಖರ್ಚು 4,300. ಮರ, ಕೂಲಿ, ಪಾಲಿಶ್ ಎಲ್ಲ ಕಳೆದು ನೂರಕ್ಕೆ 20 ಉಳಿಯುತ್ತದೆ ಎಂದುಕೊಂಡರೆ 22,400. ಅದರಲ್ಲಿ 4,300 ಹೋಗಿ ಕೈಗೆ 18,100. ಈಗ ಇದನ್ನೇ ನವೆಂಬರ್ ಕೊನೆಗೆ ಎಣಿಸಿದ್ದರೆ? ಆಗ ಬಂದಿದ್ದದ್ದು 22,000ದ ಒಂದೇ ಆರ್ಡರ್ ಎನ್ನಿ. ಉಳಿಕೆ 4,400, ಖರ್ಚು 2,200. "ಇಷ್ಟಕ್ಕ ಯಾಕ ಬೇಕು ಜಾಹೀರಾತು" ಎಂದು ನಿಲ್ಲಿಸಿಬಿಡುತ್ತಿದ್ದಿರಿ. ಉಳಿದ ಮೂರು ಆರ್ಡರ್ ಇನ್ನೂ ಹೊಲದಲ್ಲಿದ್ದವು.

RANI ನೋಡಿ. ಮೆಸೇಜ್ ಎಲ್ಲಕ್ಕಿಂತ ಜಾಸ್ತಿ, ಆರ್ಡರ್ ಒಂದೇ. ಇದಕ್ಕೆ ಇನ್‌ಸ್ಟಾಗ್ರಾಂ ಕೆಟ್ಟದ್ದು ಎಂದು ತೀರ್ಪು ಕೊಡುವ ಮೊದಲು ಆ 52 ಚಾಟ್ ತೆರೆದು ಯಾವ ಊರಿನವರು ಎಂದು ನೋಡಿ. ಅರ್ಧಕ್ಕರ್ಧ ಜನ ಸಾಮಾನು ತಲುಪಿಸಲಾಗದ ದೂರದವರಾಗಿದ್ದರೆ ತೊಂದರೆ ಇರುವುದು ಫೋಟೊದಲ್ಲೂ ಅಲ್ಲ, ಬೆಲೆಯಲ್ಲೂ ಅಲ್ಲ. ಫೋಟೊದ ಮೇಲೆ "ಕಲಬುರಗಿ" ಎಂದು ದೊಡ್ಡದಾಗಿ ಬರೆದರೆ ಮೆಸೇಜ್ ಕಡಿಮೆಯಾಗುತ್ತವೆ. ಅದೇ ಒಳ್ಳೆಯದು. ಉತ್ತರ ಕೊಡುವ ಸಮಯ ಉಳಿಯುತ್ತದೆ.

GULAB ಎಲ್ಲಕ್ಕಿಂತ ಚೆಂದ ಕಾಣುತ್ತದೆ. ಒಂಬತ್ತು ಮೆಸೇಜಿಗೆ ನಾಲ್ಕು ಆರ್ಡರ್, ಜಾಹೀರಾತಿಗೆ ಒಂದು ಪೈಸೆ ಇಲ್ಲ. ಆದರೆ ಮೊದಲೇ ಹೇಳಿದೆನಲ್ಲ, ಸ್ಟೇಟಸ್ ನೋಡುವವರು ನಿಮ್ಮ ಪರಿಚಯದವರೇ. ಅವರಲ್ಲಿ ಇಬ್ಬರು ಸ್ಟೇಟಸ್ ಹಾಕದಿದ್ದರೂ ಬರುತ್ತಿದ್ದರೋ ಏನೋ. ಕೋಡ್ ಹೇಳುವುದು ಯಾವ ದಾರಿಯಿಂದ ಬಂದರು ಎಂಬುದನ್ನು. ಆ ದಾರಿ ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ ಎಂದು ಅದು ಹೇಳುವುದಿಲ್ಲ. ಆದ್ದರಿಂದ ಸ್ಟೇಟಸ್ ಸಾಕು, ಜಾಹೀರಾತು ನಿಲ್ಲಿಸೋಣ ಎಂಬ ತೀರ್ಮಾನ ತಪ್ಪು. ಹೊಸ ಮುಖ ತರುತ್ತಿರುವುದು MOTI.

ಕೊನೆಯ ಸಾಲಿನ ಮೂರು ಆರ್ಡರನ್ನು ಯಾವ ಕೋಡಿಗೂ ಹಂಚಬೇಡಿ. ಬೇರೆಯಾಗಿಯೇ ಇರಲಿ. ಹನ್ನೆರಡರಲ್ಲಿ ಮೂರು ಆರ್ಡರ್ ಕೋಡ್ ಇಲ್ಲದೆ ಬಂದಿವೆ ಎಂದರೆ ಕೋಡಿನ ಲೆಕ್ಕ ಇಲ್ಲಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ ಎಂದಾಯಿತು. ಈ ಸಾಲು ಅರ್ಧದಷ್ಟು ಬೆಳೆದರೆ ಫೋಟೊದ ಮೇಲೆ ಕೋಡ್ ಕಾಣುತ್ತಿಲ್ಲ ಎಂದು ತಿಳಿಯಿರಿ.

ಇಷ್ಟು ಸಣ್ಣ ಅಂಕಿಯಲ್ಲಿ ಒಂದು ಆರ್ಡರ್ ಆಚೀಚೆ ಆದರೂ ಚಿತ್ರ ಬದಲಾಗುತ್ತದೆ. MOTIಯ 34,000ದ ಒಂದು ಆರ್ಡರ್ ರದ್ದಾದರೆ 18,100 ಇದ್ದದ್ದು 12,000ಕ್ಕೆ ಇಳಿಯುತ್ತದೆ. ಒಂದು ಸಲದ ಲೆಕ್ಕ ನೋಡಿ ಏನನ್ನೂ ಪೂರ್ತಿ ನಿಲ್ಲಿಸಬೇಡಿ. ಇನ್ನೊಂದು ಸಾಮಾನಿನೊಂದಿಗೆ, ಹೊಸ ಕೋಡಿನೊಂದಿಗೆ ಇನ್ನೆರಡು ಸಲ ಮಾಡಿ. ಮೂರೂ ಸಲ ಅದೇ ಬಂದರೆ ಆಗ ನಂಬಿ.

## ಕೋಡ್ ಸೋರುತ್ತಿದೆ ಎಂದು ತಿಳಿಯುವುದು ಹೇಗೆ

ಕೋಡ್ ಬಾಯಿಂದ ಬಾಯಿಗೆ ಹೋಗುತ್ತದೆ. ಗಿರಾಕಿ ತನ್ನ ಭಾವನಿಗೆ ಹೇಳಿದರೆ ಅದು ಸೋರಿಕೆಯಲ್ಲ, ಪೋಸ್ಟಿನದೇ ದುಡಿಮೆ. ತೊಂದರೆ ಇರುವುದು ಅಂಗಡಿಯೊಳಗಿಂದ ಸೋರಿದಾಗ. ಅದಕ್ಕೆ ಎರಡು ಗುರುತುಗಳಿವೆ. ಒಂದು, ಕೇಳಿದ ದಿನ ಮತ್ತು ಮುಂಗಡದ ದಿನ ಎರಡೂ ಒಂದೇ ಇರುವ ಸಾಲುಗಳು ಒಂದೇ ಕೋಡಿನಲ್ಲಿ ಗುಂಪಾಗಿ ಬರುತ್ತವೆ. ಪಲಂಗ ಕೊಳ್ಳುವವರು ಮೊದಲ ದಿನವೇ ಮುಂಗಡ ಕೊಡುವುದು ಅಪರೂಪ. ಅಂಥ ಸಾಲು ಹೆಚ್ಚಿದವು ಎಂದರೆ ಬಿಲ್ ಬರೆಯುವಾಗ ಕೋಡ್ ಹೇಳಿಕೊಟ್ಟಿದ್ದಾರೆ. ಎರಡು, ಒಂದು ಕೋಡಿನ ಆರ್ಡರ್ ಏರುತ್ತಿದೆ, ಅದೇ ಕೋಡಿನ ಮೆಸೇಜ್ ಏರುತ್ತಿಲ್ಲ.

ಹುಡುಗರನ್ನು ಬೈದು ಪ್ರಯೋಜನವಿಲ್ಲ. ಕೋಡ್ ಬರೆಯುವ ಕೆಲಸ ಒಬ್ಬರಿಗೇ ಕೊಡಿ. ವಿಚಾರಣೆ ಪುಸ್ತಕದಲ್ಲಿ ಮೊದಲೇ ಕೋಡ್ ಇಲ್ಲದಿದ್ದರೆ ಬಿಲ್‌ನಲ್ಲೂ ಇಲ್ಲ ಎಂಬ ನಿಯಮ ಹಾಕಿ. ಗಿರಾಕಿ ಬೇಸರ ಮಾಡಿಕೊಂಡರೆ ಉಚಿತ ಸಾಗಣೆ ಕೊಟ್ಟುಬಿಡಿ, ಆದರೆ D ಕಾಲಂ ಖಾಲಿ ಬಿಡಿ. ಲಾಭ ಕೊಡುವುದು ಬೇರೆ, ಲೆಕ್ಕ ಬರೆಯುವುದು ಬೇರೆ.

## ಪಾಂಪ್ಲೆಟ್ ಮತ್ತು ಹಳೆಯ ಫೋಟೊ

ಪಾಂಪ್ಲೆಟ್ ಹಂಚುವವರು ಅದಕ್ಕೂ ಒಂದು ಕೋಡ್ ಇಟ್ಟು, ಅದರ `wa.me` ಲಿಂಕನ್ನು ಕ್ಯೂಆರ್ ಕೋಡ್ ಮಾಡಿ ಅಚ್ಚು ಹಾಕಿಸಬಹುದು. ಲಿಂಕನ್ನು ಚಿಕ್ಕದು ಮಾಡಿಕೊಡುವ ಪುಕ್ಕಟೆ ಸೇವೆಗಳ ಮೂಲಕ ಮಾತ್ರ ಮಾಡಬೇಡಿ. ಆ ಖಾತೆ ನಿಂತರೆ ಅಚ್ಚಾದ ಕಾಗದವೆಲ್ಲ ರದ್ದಿ.

ಒಮ್ಮೆ ಬಳಸಿದ ಪದವನ್ನು ಮತ್ತೆ ಬಳಸಬೇಡಿ. ಫಾರ್ವರ್ಡ್ ಆದ ಫೋಟೊಗೆ ಸಾವಿಲ್ಲ. ಎರಡು ವರ್ಷದ ಹಿಂದಿನ ಪಲಂಗದ ಫೋಟೊ ಹಿಡಿದು, ಅದರ ಮೇಲಿನ TARA ತೋರಿಸುವವರು ನಮ್ಮಲ್ಲಿಗೆ ಈಗಲೂ ಬರುತ್ತಾರೆ. ಗಡುವು ಮುಗಿದಿದೆ ಎಂದು ವಾದ ಮಾಡುವುದಿಲ್ಲ. ಸಾಗಣೆ ಕೊಡುತ್ತೇವೆ, D ಕಾಲಂನಲ್ಲಿ TARA ಎಂದೇ ಬರೆಯುತ್ತೇವೆ, E ಕಾಲಂನಲ್ಲಿ ಆ ಫೋಟೊ ಅವರಿಗೆ ಯಾರಿಂದ ಬಂತು ಎಂದು ಕೇಳಿ ಬರೆದುಕೊಳ್ಳುತ್ತೇವೆ.